ಹೊಟ್ಟು ಬಿಡಿಸಿದ ದಿನದಿಂದಲೇ ಲೆಕ್ಕ: ಊರಿನ ನವಣೆಯನ್ನು ದೋಸೆ ಮಿಕ್ಸ್ ಮಾಡಿ ಬೆಂಗಳೂರಿಗೆ ಮಾರುವುದು ಹೇಗೆ

ಹೊಲದಲ್ಲಿ ಬೆಳೆದ ನವಣೆಗೆ ಕೆಜಿಗೆ 40 ರೂಪಾಯಿ ಸಿಕ್ಕಿತು ಅಂದುಕೊಳ್ಳಿ. ಅದೇ ನವಣೆ ದೋಸೆ ಮಿಕ್ಸ್ ಆಗಿ ಬೆಂಗಳೂರಿನ ಅಂಗಡಿಯಲ್ಲಿ ಅರ್ಧ ಕೆಜಿಗೆ 140 ರೂಪಾಯಿಗೆ ಕೂತಿರುತ್ತದೆ. ಇದನ್ನು ನೋಡಿದ ಮೇಲೆ ಬೀಸಿ, ಕವರಿಗೆ ತುಂಬಿ, ನಾವೇ ಮಾರಿಬಿಡೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ಅನ್ನಿಸಬೇಕು ಕೂಡ. ಆದರೆ 40 ರೂಪಾಯಿಗೂ 140 ರೂಪಾಯಿಗೂ ನಡುವೆ ಏನೇನಿದೆ ಅಂತ ಒಂದೊಂದಾಗಿ ಬಿಡಿಸಿ ನೋಡದೆ ಶುರು ಮಾಡಿದವರು ಮೂರನೇ ತಿಂಗಳಿಗೆ ಕೈ ಬಿಡುವುದನ್ನು ನಾನು ಸಾಕಷ್ಟು ನೋಡಿದ್ದೇನೆ. ಬೇಡಿಕೆ ಇಲ್ಲದೆ ನಿಂತವರು ಕಡಿಮೆ. ಹೆಚ್ಚಿನವರ ಹಿಟ್ಟು ಕಹಿಯಾಗಿ ವಾಪಸ್ ಬಂದಿರುತ್ತದೆ, ಇಲ್ಲವೇ ಅಂಗಡಿಯವನ ಪಾಲು ಕಳೆದ ಮೇಲೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಈ ಎರಡೂ ಒಂದಕ್ಕೊಂದು ಅಂಟಿಕೊಂಡ ವಿಷಯ. ಅದಕ್ಕೇ ಇಲ್ಲಿ ಒಂದೇ ಪದಾರ್ಥ ಹಿಡಿದು, ಅಂದರೆ ನವಣೆ ದೋಸೆ ಮಿಕ್ಸ್ ಹಿಡಿದು, ಕಾಳಿನಿಂದ ಬೆಲೆಯವರೆಗೆ ಹೋಗೋಣ.

ಕಹಿ ಎಲ್ಲಿಂದ ಬರುತ್ತದೆ

ನವಣೆ, ಸಾಮೆ, ಹಾರಕ, ಊದಲು, ಬರಗು, ಕೊರಲೆ, ಇವೆಲ್ಲಕ್ಕೂ ಮೇಲೆ ಗಟ್ಟಿ ಹೊಟ್ಟು ಇರುತ್ತದೆ. ರಾಗಿ, ಜೋಳ, ಸಜ್ಜೆಗೆ ಅದಿಲ್ಲ, ಒಕ್ಕಣೆ ಮಾಡಿ ನೇರವಾಗಿ ಬೀಸಬಹುದು. ಈ ಹೊಟ್ಟನ್ನು ತೊಂದರೆ ಅಂತಲೇ ಎಲ್ಲರೂ ನೋಡುತ್ತಾರೆ, ಅದನ್ನು ಬಿಡಿಸೋಕೆ ಯಂತ್ರ ಬೇಕು, ಖರ್ಚು ಬೇಕು, ಅರ್ಧ ತೂಕ ಹೋಗುತ್ತದೆ ಅಂತ. ನಿಜ ಹೇಳಬೇಕಂದ್ರೆ ಕಾಳಿನ ಅತ್ಯುತ್ತಮ ಪ್ಯಾಕಿಂಗ್ ಅದೇ. ಚೆನ್ನಾಗಿ ಒಣಗಿಸಿ ಹೊಟ್ಟಿನ ಸಮೇತ ಇಟ್ಟ ನವಣೆ ವರ್ಷಗಟ್ಟಲೆ ಕೆಡುವುದಿಲ್ಲ. ಹೊಟ್ಟು ಬಿಡಿಸಿದ ದಿನ ಕೆಡುವ ಗಡಿಯಾರ ಶುರುವಾಗುತ್ತದೆ. ಬೀಸಿದ ದಿನ ಅದು ಇನ್ನೂ ಜೋರಾಗಿ ಓಡುತ್ತದೆ.

ಕಾರಣ ಇಷ್ಟೇ. ಹೊಟ್ಟಿನ ಕೆಳಗೆ ತೆಳುವಾದ ತೌಡಿನ ಪದರ ಇದೆ. ಕಾಳಿನ ಕೊಬ್ಬು ಹೆಚ್ಚಾಗಿ ಇರುವುದು ಅಲ್ಲಿ ಮತ್ತು ಮೊಳಕೆಯ ಭಾಗದಲ್ಲಿ. ಆ ಕೊಬ್ಬನ್ನು ಒಡೆಯುವ ಕಿಣ್ವವೂ ಕಾಳಿನಲ್ಲೇ ಇದೆ. ಕಾಳು ಇಡಿಯಾಗಿರುವಾಗ ಇವೆರಡೂ ಬೇರೆ ಬೇರೆ ಇರುತ್ತವೆ. ಯಂತ್ರದ ಪೆಟ್ಟು ಬಿದ್ದು ತೌಡು ಕೆತ್ತಿದ ಕೂಡಲೇ ಎರಡೂ ಕೂಡಿಕೊಳ್ಳುತ್ತವೆ, ಕೊಬ್ಬು ಒಡೆದು ಆಮ್ಲವಾಗುತ್ತದೆ, ಆಮೇಲೆ ಅದಕ್ಕೆ ಗಾಳಿ ತಗುಲಿ ಕಮಟು ವಾಸನೆ ಬರುತ್ತದೆ. ಸೆಕೆ ಮತ್ತು ತೇವ ಇದ್ದರೆ ಎಲ್ಲವೂ ಬೇಗ. ಸಜ್ಜೆ ಹಿಟ್ಟು ಬೇಸಿಗೆಯಲ್ಲಿ ವಾರ ಹತ್ತು ದಿನಕ್ಕೇ ಕಹಿ ಹಿಡಿಯುವುದು ಇದರಿಂದಲೇ, ಅದರಲ್ಲಿ ಕೊಬ್ಬು ಜಾಸ್ತಿ. ರಾಗಿಯಲ್ಲಿ ಕಡಿಮೆ, ಹಾಗಾಗಿ ರಾಗಿ ಹಿಟ್ಟು ತಿಂಗಳುಗಟ್ಟಲೆ ತಡೆಯುತ್ತದೆ. ನವಣೆ ಇವೆರಡರ ನಡುವೆ ಬರುತ್ತದೆ. ರಾಗಿ ಹಿಟ್ಟು ಮಾರಿ ಅನುಭವ ಇರುವವರು ಅದೇ ಧೈರ್ಯದಲ್ಲಿ ನವಣೆ ಹಿಟ್ಟಿಗೂ ಆರು ತಿಂಗಳ ಗಡುವು ಹಾಕಿ ಕಳಿಸಿದರೆ ಪೆಟ್ಟು ತಿನ್ನುವುದು ಇಲ್ಲೇ.

ಇದಕ್ಕೆ ಕಂಪನಿಗಳು ಹುಡುಕಿಕೊಂಡ ಸುಲಭದ ದಾರಿ ಪಾಲಿಶ್. ತೌಡನ್ನೇ ಪೂರ್ತಿ ಕೆತ್ತಿ ತೆಗೆದರೆ ಕೊಬ್ಬೂ ಹೋಯಿತು, ಕಹಿಯೂ ಹೋಯಿತು, ಬೆಳ್ಳಗೆ ಹೊಳೆಯುವ ನವಣೆ ಅಕ್ಕಿ ಆರು ತಿಂಗಳು ಕಪಾಟಿನಲ್ಲಿ ಕೂರುತ್ತದೆ. ಆದರೆ ನಗರದ ಗ್ರಾಹಕರು ಸಿರಿಧಾನ್ಯಕ್ಕೆ ಅಕ್ಕಿಗಿಂತ ಜಾಸ್ತಿ ದುಡ್ಡು ಕೊಡುವುದೇ ಆ ತೌಡಿನ ನಾರಿಗೆ. ಅದನ್ನು ತೆಗೆದು ಮಾರುವುದು ನನಗೆ ಸರಿ ಕಾಣುವುದಿಲ್ಲ. ಸಣ್ಣ ಘಟಕಕ್ಕೆ ದೊಡ್ಡ ಕಂಪನಿಯ ಮುಂದೆ ಇರುವ ಒಂದೇ ಒಂದು ಅನುಕೂಲ ಅಂದರೆ, ತೌಡು ಉಳಿಸಿ, ಹೊಸದಾಗಿ ಬೀಸಿ, ಬೇಗ ತಲುಪಿಸುವುದು.

ಹಾಗಾಗಿ ಮೊದಲ ನಿಯಮ ಇದು: ಸುಗ್ಗಿಯಲ್ಲಿ ಕೊಂಡ ನವಣೆಯನ್ನೆಲ್ಲ ಒಟ್ಟಿಗೆ ಹೊಟ್ಟು ಬಿಡಿಸಬೇಡಿ. ಹೊಟ್ಟಿನ ಸಮೇತ ಚೀಲದಲ್ಲಿ, ನೆಲಕ್ಕೆ ತಾಗದಂತೆ ಹಲಗೆ ಮೇಲೆ ಇಟ್ಟು, ಮುಂದಿನ ಹದಿನೈದು ದಿನಕ್ಕೆ ಎಷ್ಟು ಬೇಕೋ ಅಷ್ಟು ಮಾತ್ರ ಬಿಡಿಸಿ. ಗಿರಣಿಯವರು ಒಮ್ಮೆಗೇ ಹತ್ತು ಕ್ವಿಂಟಲ್ ತಂದರೆ ದರ ಕಡಿಮೆ ಮಾಡ್ತೀವಿ ಅಂತಾರೆ. ಆ ಉಳಿತಾಯ ಒಂದು ಲಾಟು ಕೆಟ್ಟರೆ ಸಾಕು, ಬಡ್ಡಿ ಸಮೇತ ಹೋಗುತ್ತದೆ.

ಗಿರಣಿಯಿಂದ ಕವರಿನವರೆಗೆ

ಹೊಟ್ಟು ಬಿಡಿಸುವ ಮೊದಲು ಕಲ್ಲು ಮಣ್ಣು ತೆಗೆಯಬೇಕು, ಕಾಳನ್ನು ಗಾತ್ರದ ಪ್ರಕಾರ ಬೇರೆ ಮಾಡಬೇಕು. ಗಾತ್ರ ಬೇರೆ ಮಾಡುವುದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ದಪ್ಪ ಕಾಳು ಸಣ್ಣ ಕಾಳು ಬೆರೆಸಿ ಹಾಕಿದರೆ ದಪ್ಪದ್ದು ನುಚ್ಚಾಗುತ್ತದೆ, ಸಣ್ಣದು ಹೊಟ್ಟಿನ ಸಮೇತ ಹಾಗೇ ಹೊರಗೆ ಬರುತ್ತದೆ. ನವಣೆ ಅಕ್ಕಿ ಮಾರುವವರಿಗೆ ನಗರದಿಂದ ಬರುವ ದೊಡ್ಡ ದೂರು ಈ ಹೊಟ್ಟಿನ ಕಾಳೇ, ಅನ್ನ ಉಣ್ಣುವಾಗ ಹಲ್ಲಿಗೆ ಸಿಗುತ್ತದೆ. ಮಿಕ್ಸ್ ಮಾಡುವವರಿಗೆ ಇಲ್ಲಿ ಒಂದು ಲಾಭ ಇದೆ. ಇಡೀ ಕಾಳನ್ನು ಅಕ್ಕಿಯಾಗಿ ಮಾರಿ, ನುಚ್ಚನ್ನು ದೋಸೆ ಮಿಕ್ಸಿಗೆ ಬಳಸಬಹುದು. ಎರಡೂ ಒಟ್ಟಿಗೆ ನಡೆಸುವ ಘಟಕಗಳು ಗಟ್ಟಿಯಾಗಿ ನಿಲ್ಲುವುದಕ್ಕೆ ಇದೊಂದು ಕಾರಣ.

ನಮ್ಮ ಮಿಕ್ಸಿನ ಅಳತೆ ಹೀಗಿರಲಿ: ನೂರು ಕೆಜಿಗೆ ನವಣೆ 74, ಉದ್ದಿನಬೇಳೆ 22, ಅವಲಕ್ಕಿ 3, ಮೆಂತ್ಯ 1. ಉಪ್ಪು ಹಾಕುವುದಿಲ್ಲ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಮಿಕ್ಸ್ ಗಂಟು ಕಟ್ಟುತ್ತದೆ. 'ರುಚಿಗೆ ತಕ್ಕಷ್ಟು ಉಪ್ಪು ಸೇರಿಸಿ' ಅಂತ ಲೇಬಲ್ ಮೇಲೆ ಬರೆದರೆ ಆಯ್ತು. ನವಣೆಯ ಪಾಲು 70ಕ್ಕಿಂತ ಕೆಳಗೆ ಇಳಿಸದೇ ಇರುವುದಕ್ಕೆ ರುಚಿಯಷ್ಟೇ ಕಾರಣವಲ್ಲ, ತೆರಿಗೆಯೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಪ್ರತಿಯೊಂದನ್ನೂ ಬೇರೆ ಬೇರೆ ಹುರಿಯಬೇಕು. ಒಟ್ಟಿಗೆ ಹುರಿದರೆ ಮೆಂತ್ಯ ಕಪ್ಪಾಗಿರುತ್ತದೆ, ನವಣೆ ಇನ್ನೂ ಹಸಿ ಇರುತ್ತದೆ. ನವಣೆಯನ್ನು ಸಣ್ಣ ಉರಿಯಲ್ಲಿ, ಕೈಗೆ ಹಿಡಿಯಲಾರದಷ್ಟು ಬಿಸಿಯಾಗಿ ಘಮ ಬರುವವರೆಗೆ ಹುರಿಯಬೇಕು, ಬಣ್ಣ ಬದಲಾಗುವುದು ಬೇಡ. ಹುರಿಯುವುದು ಬರೀ ರುಚಿಗಲ್ಲ. ಆ ಕೊಬ್ಬು ಒಡೆಯುವ ಕಿಣ್ವ ಬಿಸಿಗೆ ಸೋಲುತ್ತದೆ, ಹುಳದ ಮೊಟ್ಟೆ ಸಾಯುತ್ತದೆ, ತೇವವೂ ಇಳಿಯುತ್ತದೆ, ಹೀಗೆ ಒಂದೇ ಕೆಲಸದಲ್ಲಿ ಮೂರು ಸಾಧನೆ. ಹಸಿ ನವಣೆ ಹಿಟ್ಟಿಗಿಂತ ಹುರಿದ ಮಿಕ್ಸ್ ಜಾಸ್ತಿ ದಿನ ತಡೆಯುವುದು ಇದರಿಂದ.

ಈಗ ಎಲ್ಲರೂ ಅವಸರ ಮಾಡುವ ಜಾಗಕ್ಕೆ ಬಂದೆವು. ಹುರಿದ ಕಾಳು ಪೂರ್ತಿ ಆರದೆ ಬೀಸಬಾರದು, ಬೀಸಿದ ಹಿಟ್ಟು ಪೂರ್ತಿ ಆರದೆ ತುಂಬಬಾರದು. ಗಿರಣಿಯಿಂದ ಬಂದ ಹಿಟ್ಟು ಮುಟ್ಟಿದರೆ ಸುಡುವಷ್ಟು ಬಿಸಿ ಇರುತ್ತದೆ. ಅದನ್ನು ಹಾಗೇ ತುಂಬಿ ಸೀಲ್ ಮಾಡಿದರೆ ರಾತ್ರಿ ತಂಪಿಗೆ ಕವರಿನ ಒಳಗೆ ಆವಿ ನೀರಾಗುತ್ತದೆ. ಬೆಳಿಗ್ಗೆ ಪ್ಯಾಕೆಟ್ ಬಿಚ್ಚಿ ಒಳಮೈಗೆ ಬೆರಳಾಡಿಸಿ, ಹಿಟ್ಟು ತೆಳ್ಳಗೆ ಮೆತ್ತಿಕೊಂಡಿದ್ದರೆ ಅದು ತೇವ. ಅಂಥ ಪ್ಯಾಕೆಟ್ಟು ನೋಡೋಕೆ ಚೆನ್ನಾಗೇ ಇರುತ್ತದೆ, ಮೂರು ವಾರದಲ್ಲಿ ಮೂಲೆಗಳಲ್ಲಿ ಬೂಷ್ಟು ಹಿಡಿಯುತ್ತದೆ. ಅಗಲ ಸ್ಟೀಲ್ ತಟ್ಟೆಗಳಲ್ಲಿ ತೆಳುವಾಗಿ ಹರಡಿ, ಮೇಲೆ ತೆಳು ಬಟ್ಟೆ ಮುಚ್ಚಿ, ಆರಿದ ಕೂಡಲೇ ಜರಡಿ ಹಿಡಿದು ತುಂಬಿ. ಮಳೆಗಾಲದಲ್ಲಿ ರಾತ್ರಿಯಿಡೀ ಹರಡಿ ಬಿಡಬಾರದು, ಹುರಿದ ಹಿಟ್ಟು ತೇವ ಎಳೆದುಕೊಳ್ಳುವುದಕ್ಕೆ ಕಾಯುತ್ತಾ ಇರುತ್ತದೆ.

ಗಿರಣಿಯ ಬಗ್ಗೆ ಇನ್ನೊಂದು ಮಾತು. ಊರಿನ ಗಿರಣಿಯಲ್ಲಿ ನಿಮಗಿಂತ ಮುಂಚೆ ಗೋಧಿ ಬೀಸಿರುತ್ತಾರೆ. ನವಣೆಯಲ್ಲಿ ಗೋಧಿಯ ಪ್ರೋಟೀನ್ ಆದ ಗ್ಲುಟನ್ ಇಲ್ಲ, ಸರಿ, ಆದರೆ ಆ ಗಿರಣಿಯಿಂದ ಬಂದ ಹಿಟ್ಟಿನಲ್ಲಿ ಇರಬಹುದು. ಲೇಬಲ್ ಮೇಲೆ 'ಗ್ಲುಟನ್ ಫ್ರೀ' ಅಂತ ಹಾಕಬೇಕಾದರೆ ಕೆಜಿಗೆ 20 ಮಿಲಿಗ್ರಾಂಗಿಂತ ಜಾಸ್ತಿ ಇಲ್ಲ ಅನ್ನುವುದು ಪರೀಕ್ಷೆಯಲ್ಲಿ ಬರಬೇಕು. ಗೋಧಿ ಮುಟ್ಟುವಂತಿಲ್ಲದ ಕಾಯಿಲೆ ಇರುವವರು ಆ ಮಾತನ್ನು ನಂಬಿ ಕೊಳ್ಳುತ್ತಾರೆ. ನಿಮ್ಮದೇ ಗಿರಣಿ ಇಲ್ಲದಿದ್ದರೆ ಆ ಪದ ಬೇಡ.

ಎಷ್ಟು ದಿನ ತಡೆಯುತ್ತದೆ ಅಂತ ಗೊತ್ತು ಮಾಡಿಕೊಳ್ಳುವುದು

ಬೇರೆ ಕಂಪನಿಯ ಪ್ಯಾಕೆಟ್ ನೋಡಿ ಅದೇ ಗಡುವನ್ನು ನಾವೂ ಹಾಕುವುದು ಸಾಮಾನ್ಯ. ಅವರ ನವಣೆ ಪಾಲಿಶ್ ಆಗಿರಬಹುದು, ಕವರಿನಲ್ಲಿ ಸಾರಜನಕ ತುಂಬಿರಬಹುದು, ಅದು ನಿಮಗೆ ಹೊರಗಿಂದ ಕಾಣುವುದಿಲ್ಲ. ನಿಮ್ಮ ಮಿಕ್ಸಿನ ಆಯಸ್ಸು ನೀವೇ ನೋಡಬೇಕು. ಒಂದೇ ದಿನ ತುಂಬಿದ ಹದಿನಾರು ಪ್ಯಾಕೆಟ್ ತೆಗೆದಿಡಿ. ಅರ್ಧವನ್ನು ತಂಪು ಕೋಣೆಯಲ್ಲಿ, ಇನ್ನರ್ಧವನ್ನು ತಗಡಿನ ಛಾವಣಿ ಕೆಳಗೆ ಇಡಿ, ಯಾಕಂದ್ರೆ ಬಸ್ಸಿನ ಡಿಕ್ಕಿ ಮತ್ತು ಅಂಗಡಿಯ ಗೋದಾಮು ಹೀಗೇ ಬಿಸಿ ಇರುತ್ತವೆ. ಹದಿನೈದು ದಿನಕ್ಕೊಮ್ಮೆ ಎರಡೂ ಕಡೆಯಿಂದ ಒಂದೊಂದು ಬಿಚ್ಚಿ.

ಬರೀ ಮೂಸಿದರೆ ಮೊದಲ ಹಂತದ ಕಮಟು ಗೊತ್ತಾಗುವುದಿಲ್ಲ. ಎರಡು ಚಮಚ ಹಿಟ್ಟಿಗೆ ಕುದಿಯುವ ನೀರು ಹಾಕಿ, ಒಂದು ನಿಮಿಷ ತಟ್ಟೆ ಮುಚ್ಚಿ, ತೆಗೆದ ಕೂಡಲೇ ಮೂಸಿ. ಹಳೇ ಎಣ್ಣೆಯ ವಾಸನೆ ಇದ್ದರೆ ಆವಿಯಲ್ಲಿ ಎದ್ದು ಬರುತ್ತದೆ. ಆಮೇಲೆ ಒಂದು ಚಿಟಿಕೆ ಬಾಯಿಗೆ ಹಾಕಿ ನುಂಗಿ, ಅರ್ಧ ನಿಮಿಷ ಸುಮ್ನೆ ಇರಿ. ಕೊಬ್ಬು ಕೆಟ್ಟ ಕಹಿ ನಾಲಿಗೆಗಿಂತ ಗಂಟಲಿನಲ್ಲಿ ತಡವಾಗಿ ಹಿಡಿಯುತ್ತದೆ. ಮಿಕ್ಸಿನಲ್ಲಿ ಮೆಂತ್ಯ ಇರುವುದರಿಂದ ಅದರ ಕಹಿಗೂ ಇದಕ್ಕೂ ಗೊಂದಲ ಆಗಬಾರದು, ಅದಕ್ಕೆ ಅವತ್ತು ಹೊಸದಾಗಿ ಬೀಸಿದ ಮಿಕ್ಸನ್ನು ಪಕ್ಕದಲ್ಲಿಟ್ಟು ಹೋಲಿಸಿ. ಬಿಸಿ ಜಾಗದ ಪ್ಯಾಕೆಟ್ಟಿನಲ್ಲಿ ಮೊದಲ ಸುಳಿವು 105ನೇ ದಿನ ಸಿಕ್ಕಿತು ಅಂದುಕೊಳ್ಳಿ, ನೀವು ಹಾಕಬೇಕಾದ ಗಡುವು ಮೂರು ತಿಂಗಳು. ಇದರ ಜೊತೆ ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ ತೇವಾಂಶ, ಕೊಬ್ಬಿನ ಆಮ್ಲ ಮತ್ತು ಪೋಷಕಾಂಶಗಳ ಪರೀಕ್ಷೆ ಮಾಡಿಸಿದರೆ ಲೇಬಲ್ಲಿಗೆ ಬೇಕಾದ ಪಟ್ಟಿಯೂ ಸಿಗುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಈ ವಿಷಯದಲ್ಲಿ ತರಬೇತಿಯನ್ನೂ ಕೊಡುತ್ತದೆ.

ಕವರು

ಕಂದು ಕಾಗದದ, ನಡುವೆ ಕಿಟಕಿ ಇರುವ ಪೌಚ್ ನಗರದವರಿಗೆ ಇಷ್ಟ, ಹಳ್ಳಿಯ ಪದಾರ್ಥ ಅನ್ನಿಸುತ್ತದೆ. ಆದರೆ ಕಿಟಕಿಯಿಂದ ಬೆಳಕು ಬೀಳುತ್ತದೆ, ಬೆಳಕಿಗೆ ಕೊಬ್ಬು ಬೇಗ ಕೆಡುತ್ತದೆ. ಒಳಪದರ ತೆಳುವಾಗಿದ್ದರೆ ಗಾಳಿಯೂ ಹೋಗುತ್ತದೆ. ಕಿರಾಣಿ ಅಂಗಡಿಯ ಸಾದಾ ಪ್ಲಾಸ್ಟಿಕ್ ಕವರು ತೇವವನ್ನು ಸುಮಾರಾಗಿ ತಡೆಯುತ್ತದೆ, ಗಾಳಿಯನ್ನು ತಡೆಯುವುದಿಲ್ಲ. ಮೂರು ತಿಂಗಳ ಗಡುವಿಗೆ ಬೇಕಾಗಿರುವುದು ಒಳಗೆ ಬೆಳ್ಳಿ ಬಣ್ಣದ ಪದರ ಇರುವ, ಹಲವು ಪದರ ಅಂಟಿಸಿದ, ಜಿಪ್ ಇರುವ ಪೌಚ್. ಕಾಗದದ ನೋಟ ಬೇಕೇ ಬೇಕು ಅಂದರೆ ಹೊರಗೆ ಕಂದು ಕಾಗದ, ಒಳಗೆ ಬೆಳ್ಳಿ ಪದರ ಇರುವ ಕಿಟಕಿ ಇಲ್ಲದ ಪೌಚೂ ಸಿಗುತ್ತದೆ. ಬೆಂಗಳೂರಿನ ಚಿಕ್ಕಪೇಟೆ ಸುತ್ತಮುತ್ತಲಿನ ಸಗಟು ಅಂಗಡಿಗಳಲ್ಲಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳಿ, ಫೋಟೋ ನೋಡಿ ಕೊಳ್ಳಬೇಡಿ.

ಹೆಸರು ಮುದ್ರಿಸಿದ ಪೌಚ್ ಮೊದಲ ದಿನದಿಂದಲೇ ಬೇಕು ಅಂತ ಹಟ ಮಾಡುವವರಿದ್ದಾರೆ. ಅದಕ್ಕೆ ಮುದ್ರಣದ ಅಚ್ಚಿನ ಖರ್ಚು ಬೇರೆ, ಒಮ್ಮೆಗೆ ಸಾವಿರಾರು ಪೌಚ್ ಕೊಳ್ಳಬೇಕು. ಅಷ್ಟರಲ್ಲಿ ಅಳತೆಯೋ ವಿಳಾಸವೋ ಬೆಲೆಯೋ ಬದಲಾದರೆ ರಾಶಿ ಪೌಚ್ ಮೂಲೆಗೆ. ಮೊದಲ ವರ್ಷ ಸಾದಾ ಪೌಚ್ ಮತ್ತು ಒಳ್ಳೆಯ ಸ್ಟಿಕ್ಕರ್ ಸಾಕು.

ಸೀಲ್ ಸರಿ ಇದೆಯಾ ಅಂತ ನೋಡುವುದಕ್ಕೆ ಪ್ರತಿ ಸುತ್ತಿನಲ್ಲೂ ಎರಡು ಮೂರು ಪ್ಯಾಕೆಟ್ ಬಲಿ ಕೊಡಿ. ಬಕೆಟ್ ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಒತ್ತಿ. ಗುಳ್ಳೆ ಎದ್ದರೆ ಸೀಲ್ ಬಿಟ್ಟಿದೆ. ಹಿಟ್ಟಿನ ವಿಷಯದಲ್ಲಿ ಸೀಲ್ ಬಿಡುವುದಕ್ಕೆ ಹೆಚ್ಚಾಗಿ ಯಂತ್ರ ಕಾರಣವಲ್ಲ, ತುಂಬುವಾಗ ಪೌಚಿನ ಬಾಯಿಗೆ ಮೆತ್ತಿದ ಹಿಟ್ಟು ಕಾರಣ. ಅಗಲ ಬಾಯಿಯ ಲಾಳಿಕೆ ಇಟ್ಟು ತುಂಬಿ, ಒಣ ಬಟ್ಟೆಯಲ್ಲಿ ಬಾಯಿ ಒರೆಸಿ, ಆಮೇಲೆ ಸೀಲ್ ಮಾಡಿ.

ಅರ್ಧ ಕೆಜಿ ಯಾಕೆ? ನಾಲ್ಕು ಜನರ ಮನೆಯಲ್ಲಿ ಅದು ಕೆಲವೇ ಬೆಳಗಿನ ತಿಂಡಿಗೆ ಮುಗಿಯುತ್ತದೆ. ಒಂದು ಕೆಜಿ ಕೊಂಡವರು ಅರ್ಧ ಬಳಸಿ ಮರೆತು, ಎರಡು ತಿಂಗಳ ನಂತರ ತೆಗೆದು, ಹುಳ ಬಿದ್ದಿದೆ ಅಂತ ನಿಮಗೇ ಫೋನ್ ಮಾಡುತ್ತಾರೆ.

ಲೇಬಲ್ ಮತ್ತು ಕಾಗದಪತ್ರ

ಆಹಾರ ಮಾರುವವರಿಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಇರಲೇಬೇಕು, ಮನೆಯಲ್ಲೇ ಮಾಡಿದರೂ ಅಷ್ಟೇ. ಸಣ್ಣ ವಹಿವಾಟಿಗೆ ನೋಂದಣಿ ಸಾಕು, foscos.fssai.gov.in ನಲ್ಲಿ ಅರ್ಜಿ ಹಾಕಬೇಕು. 14 ಅಂಕಿಯ ಸಂಖ್ಯೆ ಬರುತ್ತದೆ, ಅದು ಲೇಬಲ್ ಮೇಲೆ ಇರಬೇಕು. ಇದರ ಜೊತೆಗೆ ಪದಾರ್ಥದ ಹೆಸರು, ಜಾಸ್ತಿಯಿಂದ ಕಡಿಮೆಗೆ ಇಳಿಯುವ ಕ್ರಮದಲ್ಲಿ ಬಳಸಿದ ಸಾಮಗ್ರಿ, ಪೋಷಕಾಂಶದ ಪಟ್ಟಿ, ಸಸ್ಯಾಹಾರದ ಹಸಿರು ಗುರುತು, ನಿವ್ವಳ ತೂಕ, ತಯಾರಿಸಿದವರ ಪೂರ್ತಿ ವಿಳಾಸ, ಲಾಟ್ ಸಂಖ್ಯೆ, ತಯಾರಿಸಿದ ದಿನಾಂಕ, ಗಡುವು, ದೂರಿಗೆ ಫೋನ್ ಮತ್ತು ಇಮೇಲ್, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ. ಒಂದು ಗ್ರಾಂಗೆ ಎಷ್ಟು ಬೀಳುತ್ತದೆ ಅನ್ನುವುದೂ ಬೇಕು: 500 ಗ್ರಾಂಗೆ 140 ಅಂದರೆ ಗ್ರಾಂಗೆ 0.28 ರೂಪಾಯಿ. ಇದನ್ನೇ ಹೆಚ್ಚಿನವರು ಮರೆಯುವುದು. ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಲಿ. ತುಂಬುವಾಗ ಒಂದೆರಡು ಗ್ರಾಂ ಹೆಚ್ಚುಕಡಿಮೆ ಆಗುವುದರಿಂದ 503 ಗ್ರಾಂ ತುಂಬುವುದು ಒಳ್ಳೆಯ ರೂಢಿ.

'ಶುಗರ್ ವಾಸಿ ಮಾಡುತ್ತದೆ' ಅಂತ ಬರೆಯಬೇಡಿ. ಆಹಾರದ ಲೇಬಲ್ ಮೇಲೆ ಕಾಯಿಲೆ ವಾಸಿ ಮಾಡುವ ಮಾತು ಕಾನೂನಿಗೆ ವಿರುದ್ಧ. ಅದಕ್ಕಿಂತ 'ಪಾಲಿಶ್ ಮಾಡಿಲ್ಲ, ಇಂಥ ಊರಿನ ನವಣೆ, ಇಂಥ ದಿನ ಬೀಸಿದ್ದು' ಅಂತ ಬರೆದರೆ ಓದುವವರು ನಂಬುತ್ತಾರೆ, ಅದು ನಿಜವೂ ಹೌದು.

ತೆರಿಗೆಯ ವಿಷಯ ಹೇಳುತ್ತೇನೆ ಅಂದಿದ್ದೆ. ತೂಕದಲ್ಲಿ ಕನಿಷ್ಠ ಶೇಕಡ 70 ಸಿರಿಧಾನ್ಯ ಇರುವ ಹಿಟ್ಟಿನ ಮಿಶ್ರಣಕ್ಕೆ, ಲೇಬಲ್ ಹಾಕಿ ಪ್ಯಾಕ್ ಮಾಡಿದರೆ ಶೇಕಡ 5 ಜಿಎಸ್‌ಟಿ, ಬಿಡಿಯಾಗಿ ಮಾರಿದರೆ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಮಾಡಿದ ತೀರ್ಮಾನ ಇದು. ವರ್ಷದ ವಹಿವಾಟು 40 ಲಕ್ಷ ದಾಟದಿದ್ದರೆ, ಕರ್ನಾಟಕದ ಒಳಗೇ ಮಾರುವವರಿಗೆ ಜಿಎಸ್‌ಟಿ ನೋಂದಣಿಯೇ ಕಡ್ಡಾಯವಲ್ಲ. ಆದರೆ ದೊಡ್ಡ ಅಂಗಡಿಗಳು ಜಿಎಸ್‌ಟಿ ಬಿಲ್ ಕೇಳುತ್ತವೆ. ಹಾಗಾಗಿ ಬೆಲೆ ಕಟ್ಟುವಾಗ ತೆರಿಗೆ ಇದೆ ಅಂತಲೇ ಲೆಕ್ಕ ಹಾಕಿ.

140 ರೂಪಾಯಿ ಬಿಡಿಸಿದರೆ

ಈ ಲೆಕ್ಕದ ದರಗಳು ಉದಾಹರಣೆಗೆ. ನಿಮ್ಮೂರಿನ ದರ ಹಾಕಿಕೊಂಡು ಇದೇ ದಾರಿಯಲ್ಲಿ ನಡೆಯಿರಿ.

ಹೊಟ್ಟಿನ ನವಣೆ ನೂರು ಕೆಜಿಗೆ 4,000. ಹೊಟ್ಟು ಬಿಡಿಸುವುದಕ್ಕೆ 600, ಸಾಗಾಟ 200. ಒಟ್ಟು 4,800. ಕಸ, ಹೊಟ್ಟು ಎಲ್ಲ ಹೋಗಿ ಸಿಕ್ಕಿದ್ದು 64 ಕೆಜಿ. ಅಂದರೆ ನವಣೆ ಅಕ್ಕಿ ಕೆಜಿಗೆ 75. ಕೆಜಿಗೆ 40 ಕೊಟ್ಟು ಕೊಂಡದ್ದು ಬೀಸುವ ಮೊದಲೇ 75 ಆಯಿತು, ಯಾರೂ ಲಾಭ ಮಾಡದೆ! ಯಂತ್ರ ಸರಿಯಿಲ್ಲದೆ 64ರ ಬದಲು 55 ಬಂದರೆ ಇದೇ 87 ದಾಟುತ್ತದೆ. ಹಾಗಾಗಿ ಗಿರಣಿಗೆ ಹೋದಾಗ ಹೋದ ತೂಕ, ಬಂದ ತೂಕ ಎರಡನ್ನೂ ಬರೆದಿಡುವುದು ಎಲ್ಲ ಲೆಕ್ಕಕ್ಕಿಂತ ಮುಖ್ಯ.

ನೂರು ಕೆಜಿ ಮಿಕ್ಸಿಗೆ ನವಣೆ 5,550, ಉದ್ದು ಕೆಜಿಗೆ 130ರಂತೆ 2,860, ಅವಲಕ್ಕಿ 180, ಮೆಂತ್ಯ 100. ಹುರಿಯುವ ಗ್ಯಾಸು, ಬೀಸುವ ಕೂಲಿ ಸೇರಿ 800. ಒಟ್ಟು 9,490. ಹುರಿದು ಬೀಸುವಾಗ ತೇವ, ದೂಳು ಹೋಗಿ 95 ಕೆಜಿ ಉಳಿಯುತ್ತದೆ. ಕೆಜಿಗೆ ಹತ್ತಿರ ಹತ್ತಿರ 100, ಅರ್ಧ ಕೆಜಿಗೆ 50.

ಪೌಚ್, ಸ್ಟಿಕ್ಕರ್, ಪೆಟ್ಟಿಗೆಯ ಪಾಲು 10. ಮೂವರು ಒಂದು ದಿನ ಕೆಲಸ ಮಾಡಿ 190 ಪ್ಯಾಕೆಟ್ ಮುಗಿಸಿದರೆ, ದಿನಕ್ಕೆ 500ರ ಕೂಲಿಯಲ್ಲಿ ಪ್ಯಾಕೆಟ್ಟಿಗೆ 8. ಇಲ್ಲಿ ಮನೆಯವರೇ ಮಾಡ್ತೀವಿ, ಕೂಲಿ ಇಲ್ಲ ಅಂತ ಸೊನ್ನೆ ಹಾಕಬೇಡಿ. ಆರ್ಡರ್ ಹೆಚ್ಚಾಗಿ ಹೊರಗಿನವರನ್ನು ಕರೆದ ದಿನವೇ ನಷ್ಟ ಶುರುವಾಗುತ್ತದೆ. ಕರೆಂಟು, ಬಾಡಿಗೆ, ಪರೀಕ್ಷೆ, ಯಂತ್ರದ ಸವಕಳಿಗೆ 5. ಒಡೆದದ್ದು, ವಾಪಸ್ ಬಂದದ್ದಕ್ಕೆ 3. ಎಲ್ಲ ಸೇರಿ 76.

ಈಗ ಆ ಕಡೆಯಿಂದ ಬನ್ನಿ. ಬೆಲೆ 140. ಬೆಂಗಳೂರಿನ ಅಂಗಡಿ ಶೇಕಡ 30 ಕೇಳಿತು, ಅಂದರೆ 42. ನಿಮಗೆ ಬರುವುದು 98. ಅದರಲ್ಲಿ ಜಿಎಸ್‌ಟಿ ಸುಮಾರು 4 ರೂಪಾಯಿ 70 ಪೈಸೆ, ಉಳಿದದ್ದು 93. ಪಾರ್ಸಲ್ ಸಾಗಾಟ 4. ತಯಾರಿ ಖರ್ಚು 76. ಕೈಗೆ ಉಳಿದದ್ದು ಪ್ಯಾಕೆಟ್ಟಿಗೆ 13 ರೂಪಾಯಿ.

13 ರೂಪಾಯಿ ಕೆಟ್ಟದ್ದೇನಲ್ಲ. ಆದರೆ ನಡುವೆ ಒಬ್ಬ ವಿತರಕ ಬಂದು ಬೆಲೆಯ ಶೇಕಡ 10 ಕೇಳಿದರೆ ಅದು 14 ರೂಪಾಯಿ, ನಿಮ್ಮ ಲಾಭಕ್ಕಿಂತ ಒಂದು ರೂಪಾಯಿ ಜಾಸ್ತಿ. ವಿತರಕರು ಬೇಕೇ ಬೇಕಾದರೆ ಮೊದಲ ದಿನವೇ 160 ಹಾಕಬೇಕು. ಮೊದಲು 140ಕ್ಕೆ ಮಾರಿ ಆಮೇಲೆ 160 ಮಾಡಿದರೆ ಅದೇ ಗ್ರಾಹಕರು ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಬೆಲೆ ಕಟ್ಟುವ ಮೊದಲು ಯಾವ ದಾರಿಯಲ್ಲಿ ಮಾರುತ್ತೇವೆ ಅನ್ನುವುದನ್ನು ತೀರ್ಮಾನ ಮಾಡಿ. ಖರ್ಚಿನ ಮೇಲೆ ಇಷ್ಟು ಲಾಭ ಅಂತ ಸೇರಿಸಿ 95ಕ್ಕೆ ಬೆಲೆ ಕಟ್ಟಿದ ಎಷ್ಟೋ ಸಂಘಗಳು ಅಂಗಡಿಗೆ ಕೊಡೋಕೆ ಜಾಗವೇ ಇಲ್ಲದೆ ಮೇಳಗಳಲ್ಲಿ ಮಾತ್ರ ಮಾರಿಕೊಂಡು ಉಳಿದಿವೆ.

ಅಂಗಡಿಯ ಜೊತೆ ಮಾತಾಡುವಾಗ ಶೇಕಡಾವಾರಿಗಿಂತ ಎರಡು ವಿಷಯ ಹೆಚ್ಚು ಕಾಡುತ್ತವೆ. ಒಂದು, ಸಾಲ. ಒಂದೂವರೆ ತಿಂಗಳ ನಂತರ ದುಡ್ಡು ಕೊಡುವುದು ಸಾಮಾನ್ಯ. ತಿಂಗಳಿಗೆ 400 ಪ್ಯಾಕೆಟ್ ಕೊಟ್ಟರೆ ಯಾವಾಗಲೂ 600 ಪ್ಯಾಕೆಟ್ಟಿನ ಖರ್ಚು, ಅಂದರೆ ಸುಮಾರು 45,000 ರೂಪಾಯಿ, ಅವರ ಕಪಾಟಿನಲ್ಲೇ ಇರುತ್ತದೆ. ಇದಲ್ಲದೆ ಸುಗ್ಗಿಯಲ್ಲಿ ಕೊಂಡ ನವಣೆಯ ದುಡ್ಡು ಬೇರೆ. ಎರಡು, ವಾಪಸಾತಿ. ಮಾರಾಟವಾಗದ್ದನ್ನು ವಾಪಸ್ ಕೊಡ್ತೀವಿ ಅಂತಾರೆ, ಗಡುವಿಗೆ ಹತ್ತು ದಿನ ಇರುವಾಗ. ಮೂರು ತಿಂಗಳ ಪದಾರ್ಥಕ್ಕೆ 'ಗಡುವಿನ ಒಂದು ತಿಂಗಳು ಮುಂಚೆ ಹೇಳಬೇಕು, ಒಂದು ಸಲಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ ಪ್ಯಾಕೆಟ್ ಇಳಿಸುವುದಿಲ್ಲ' ಅಂತ ನೀವೇ ಷರತ್ತು ಹಾಕಿ. "ಅಣ್ಣಾ, ಒಂದು ಪೆಟ್ಟಿಗೆ ಪೂರ್ತಿ ಇಳಿಸಿ ಹೋಗಿ" ಅಂದ ಕೂಡಲೇ ಖುಷಿಯಿಂದ ಇಳಿಸಿ ಬಂದರೆ ಮೂರು ತಿಂಗಳಿಗೆ ಅದೇ ಪೆಟ್ಟಿಗೆ ಮನೆಗೆ ಬರುತ್ತದೆ.

ನೇರ ಮಾರಾಟ ಅಂದರೆ ಲಾಭವೇ ಅಂತೇನಿಲ್ಲ

ಅಂಗಡಿಯ 42 ರೂಪಾಯಿ ನಮಗೇ ಬರಲಿ ಅಂತ ನೇರವಾಗಿ ಕೊರಿಯರ್ ಮಾಡುವವರಿದ್ದಾರೆ. ಕೊರಿಯರ್ ದರ ಅರ್ಧ ಕೆಜಿ ಅರ್ಧ ಕೆಜಿಯಾಗಿ ಏರುತ್ತದೆ. 500 ಗ್ರಾಂ ಹಿಟ್ಟು, ಪೌಚು, ಪೆಟ್ಟಿಗೆ ಸೇರಿದರೆ 500 ದಾಟಿತು, ಒಂದು ಕೆಜಿ ದರ ಬಿತ್ತು. 60–80 ರೂಪಾಯಿ ಕೊರಿಯರಿಗೇ ಹೋದರೆ ಅಂಗಡಿಗೆ ಕೊಟ್ಟದ್ದೇ ವಾಸಿ ಆಗಿತ್ತು. ಕೊರಿಯರ್ ಹೊಂದುವುದು ನಾಲ್ಕು ಐದು ಪ್ಯಾಕೆಟ್ಟಿನ ಕಟ್ಟಿಗೆ: ಎರಡು ದೋಸೆ ಮಿಕ್ಸ್, ಒಂದು ನವಣೆ ಅಕ್ಕಿ, ಒಂದು ರಾಗಿ ಹಿಟ್ಟು. ಚಕ್ಕುಲಿ, ನಿಪ್ಪಟ್ಟಿಗೆ ಇನ್ನೂ ಕಷ್ಟ. ತೂಕ ಕಡಿಮೆ ಇದ್ದರೂ ಪೆಟ್ಟಿಗೆಯ ಗಾತ್ರ ನೋಡಿ ದರ ಹಾಕುತ್ತಾರೆ, ದಾರಿಯಲ್ಲಿ ಮುರಿಯುತ್ತವೆ, ಕರಿದ ಎಣ್ಣೆ ಹಿಟ್ಟಿಗಿಂತ ಬೇಗ ಕಮಟು ಹಿಡಿಯುತ್ತದೆ. ಕರಿದ ತಿಂಡಿಯನ್ನು ಹತ್ತಿರದ ಊರುಗಳಿಗೇ ಇಟ್ಟುಕೊಳ್ಳುವುದು ಜಾಣತನ.

ಅಪಾರ್ಟ್‌ಮೆಂಟಿನ ಶನಿವಾರದ ಮಳಿಗೆಯ ಲೆಕ್ಕವೂ ಹೀಗೇ. ಪ್ಯಾಕೆಟ್ಟಿಗೆ 140ರಲ್ಲಿ ತಯಾರಿ, ಸಾಗಾಟ, ತೆರಿಗೆ ಕಳೆದರೆ ಸುಮಾರು 53 ಉಳಿಯುತ್ತದೆ. ಜಾಗದ ಬಾಡಿಗೆ 2,000, ಇಬ್ಬರ ಓಡಾಟ ಊಟ 1,500 ಅಂದರೆ 66 ಪ್ಯಾಕೆಟ್ ಮಾರುವವರೆಗೆ ಖರ್ಚೇ ಹುಟ್ಟುವುದಿಲ್ಲ. ಆದರೂ ಮೊದಲ ವರ್ಷ ನಾನು ಇದನ್ನೇ ಮಾಡಿ ಅನ್ನುತ್ತೇನೆ. ಯಾಕಂದ್ರೆ ಅಲ್ಲೇ ಒಂದು ತವಾ ಇಟ್ಟು ದೋಸೆ ಹೊಯ್ದು ಕೊಟ್ಟರೆ ಜನ ನಿಂತು ತಿಂದು, ನೀರು ಎಷ್ಟು ಹಾಕಬೇಕು, ಮಗು ತಿನ್ನುತ್ತಾ, ಅಂತ ಕೇಳುತ್ತಾರೆ. ಆ ಪ್ರಶ್ನೆಗಳೇ ನಿಮ್ಮ ಲೇಬಲ್ಲಿನ ಹಿಂಬದಿಗೆ ಬರೆಯಬೇಕಾದ ಮಾತು. 'ಒಂದು ಲೋಟ ಮಿಕ್ಸಿಗೆ ಒಂದೂವರೆ ಲೋಟ ನೀರು, ಅರ್ಧ ಲೋಟ ಮಜ್ಜಿಗೆ, 20 ನಿಮಿಷ ನೆನೆಯಲಿ' ಅಂತ ನಿಮ್ಮ ಮಿಕ್ಸಿಗೆ ಹೊಂದುವ ಅಳತೆ ಹಾಕಿದರೆ ದೋಸೆ ತವಾಗೆ ಅಂಟುತ್ತದೆ ಅನ್ನುವ ದೂರು ಅರ್ಧಕ್ಕರ್ಧ ಇಳಿಯುತ್ತದೆ. ಮಳಿಗೆಯಲ್ಲಿ 200 ಗ್ರಾಂನ ಚಿಕ್ಕ ಪ್ಯಾಕೆಟ್ಟೂ ಇರಲಿ. ಪೌಚು, ಕೂಲಿ ಹೆಚ್ಚುಕಡಿಮೆ ಅಷ್ಟೇ ಬೀಳುವುದರಿಂದ ಗ್ರಾಂ ಲೆಕ್ಕದಲ್ಲಿ ಅದು ದುಬಾರಿ, 70–75 ಹಾಕಬೇಕಾಗುತ್ತದೆ. ಆದರೆ ಮೊದಲ ಸಲ ಕೊಳ್ಳುವವರು ಅದನ್ನೇ ಕೈಗೆತ್ತಿಕೊಳ್ಳುತ್ತಾರೆ.

ಮಳಿಗೆಯಲ್ಲಿ 120ಕ್ಕೆ, ಅಂಗಡಿಯಲ್ಲಿ 140ಕ್ಕೆ ಮಾರಬೇಡಿ. ಅಂಗಡಿಯವರಿಗೆ ಎರಡೇ ವಾರದಲ್ಲಿ ಗೊತ್ತಾಗುತ್ತದೆ, ಮೂರನೇ ವಾರ ನಿಮ್ಮ ಪ್ಯಾಕೆಟ್ ಕೆಳಗಿನ ಕಪಾಟಿಗೆ ಹೋಗುತ್ತದೆ.

ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ ಸೋಲಾರ್‌ನಿಂದ ನಡೆಯುವ ಸಿರಿಧಾನ್ಯ ಘಟಕ ಕಟ್ಟಿ, 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆಯಿತು. ಇಂಥ ಘಟಕ ಹತ್ತಿರ ಇದ್ದರೆ ನಿಮ್ಮ ಕಾಳನ್ನು ಅಲ್ಲಿಗೇ ಕೊಟ್ಟು ಹೊಟ್ಟು ಬಿಡಿಸಿಕೊಳ್ಳುವುದು ಒಳ್ಳೆಯದು, ಶುರುವಿನಲ್ಲೇ ಸ್ವಂತ ಯಂತ್ರ ಬೇಡ. ಮಾರಾಟ ನೆಲೆಗೊಂಡ ಮೇಲೆ ಯಂತ್ರ ಕೊಳ್ಳುವುದಾದರೆ, ಸಣ್ಣ ಆಹಾರ ಘಟಕಗಳಿಗೆ ಇರುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಬ್ಯಾಂಕ್ ಸಾಲದ ಜೊತೆ ಶೇಕಡ 35 ಸಹಾಯಧನ ಇದೆ, ಕರ್ನಾಟಕ ಅದರ ಮೇಲೆ ಶೇಕಡ 15 ಸೇರಿಸಿ ಕೊಡುತ್ತದೆ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್ ಅನ್ನುವ ಸರ್ಕಾರಿ ನಿಗಮ. ಸಹಾಯಧನ ಮೊದಲೇ ಕೈಗೆ ಬರುವುದಿಲ್ಲ, ಸಾಲ ಮಂಜೂರಾಗಿ ಘಟಕ ಶುರುವಾದ ಮೇಲೆ ಸಾಲದ ಖಾತೆಗೆ ಹೊಂದಿಕೊಳ್ಳುತ್ತದೆ. ಅಲ್ಲಿಯವರೆಗಿನ ಕಂತನ್ನು ಪ್ಯಾಕೆಟ್ಟಿನ ಆ 13 ರೂಪಾಯಿಯಲ್ಲೇ ಕಟ್ಟಬೇಕು, ಆದ್ದರಿಂದ ಯಂತ್ರದ ಕೊಟೇಶನ್ ತರುವ ಮೊದಲು ತಿಂಗಳಿಗೆ ಎಷ್ಟು ಪ್ಯಾಕೆಟ್ ನಿಜವಾಗಿ ದುಡ್ಡಾಗುತ್ತಿದೆ ಅನ್ನುವ ಅಂಕಿಯನ್ನು ಕಂತಿನ ಪಕ್ಕದಲ್ಲಿ ಬರೆದು ನೋಡಿ.